ಬೀಗರನ್ನು ಆಡಿಕೊಳ್ಳುವ ಬಗೆ: ಮದುವೆಮನೆಯಲ್ಲಿ ಆಟ ನಡೆಸುವವರಿಗೆ

ಹನ್ನೆರಡು ವರ್ಷಗಳ ಹಿಂದೆ ನೆಂಟರ ಮನೆಯ ಮದುವೆಯೊಂದರಲ್ಲಿ ನಾನು ಬೀಗಿತ್ತಿಯ ಬಳೆಗಳ ಮೇಲೆ ಹಾಡು ಕಟ್ಟಿ ಹಾಡಿದೆ. ಕೈತುಂಬ ತೊಟ್ಟ ಬಳೆ ಚಿನ್ನವೋ ಗಿಲೀಟೋ, ಅಕ್ಕಸಾಲಿಗನನ್ನು ಕರೆಯಿರೆ ಎನ್ನುವ ಧಾಟಿಯ ಎರಡು ಸಾಲು. ನಮ್ಮ ಕಡೆಯ ಹೆಂಗಸರೆಲ್ಲ ನಕ್ಕರು. ಆ ಬೀಗಿತ್ತಿಯೂ ನಕ್ಕರು, ಆದರೆ ನಗುತ್ತಲೇ ಸೆರಗನ್ನು ಮುಂಗೈ ಮೇಲಕ್ಕೆ ಎಳೆದುಕೊಂಡರು. ಬಳೆಗಳು ನಿಜಕ್ಕೂ ಗಿಲೀಟಿನವು ಎಂದು ಆಮೇಲೆ ತಿಳಿಯಿತು. ಚಿನ್ನದವು ಅದೇ ಮದುವೆಯ ಖರ್ಚಿಗಾಗಿ ಅಡವಿಗೆ ಹೋಗಿದ್ದವು.

ಅಂದಿನಿಂದ ನಾನು ಹಾಡುವುದನ್ನು ಬಿಡಲಿಲ್ಲ, ಹಾಡುವ ರೀತಿಯನ್ನು ಬದಲಿಸಿದೆ. ನಮ್ಮ ಬಳಗದಲ್ಲಿ ಮದುವೆ ಎಂದರೆ ಓಕುಳಿ, ಹಾಡು, ಹೆಸರು ಹೇಳಿಸುವುದು ಎಲ್ಲವೂ ನನ್ನ ತಲೆಗೇ ಬರುತ್ತವೆ. ಹಾಗೆ ನಡೆಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದೇ ಮದುವೆಯನ್ನು ಹಿಡಿದುಕೊಳ್ಳುತ್ತೇನೆ: ಎರಡು ವರ್ಷದ ಹಿಂದೆ ತಿಪಟೂರಿನಲ್ಲಿ ಆದ ನನ್ನ ಅಣ್ಣನ ಮಗಳ ಮದುವೆ. ಗಂಡಿನ ಕಡೆಯವರು ಗದಗಿನವರು. ಅವರಿಗೆ ನಮ್ಮ ಸೋಬಾನೆ ಗೊತ್ತಿಲ್ಲ, ನಮಗೆ ಅವರ ಒಡಪು ಬಾಯಿಗೆ ಬರುವುದಿಲ್ಲ. ಎಡವಟ್ಟಿಗೆ ಬೇಕಾದ ಸಾಮಗ್ರಿಯೆಲ್ಲ ಸಿದ್ಧವಾಗಿತ್ತು.

ವಾರದ ಮೊದಲು ಒಂದು ಫೋನ್

ಮೊದಲ ಕೆಲಸ ಎದುರು ಕಡೆಯಲ್ಲಿ ನಿಮ್ಮಂಥವರೊಬ್ಬರನ್ನು ಹುಡುಕುವುದು. ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಸಾಮಾನ್ಯವಾಗಿ ವರನ ಸೋದರತ್ತೆ, ಇಲ್ಲವೇ ದೊಡ್ಡಮ್ಮನ ಮಗಳು. ವರನ ತಾಯಿಯನ್ನು ಕೇಳಬೇಡಿ. ಅವರು ಮರ್ಯಾದೆಗೆ “ಏನು ಬೇಕಾದರೂ ಮಾಡಿರಿ, ನಾವು ಏನೂ ತಿಳಿದುಕೊಳ್ಳುವುದಿಲ್ಲ” ಎಂದುಬಿಡುತ್ತಾರೆ. ಆ ಮಾತಿನಿಂದ ನಿಮಗೆ ಏನೂ ತಿಳಿಯುವುದಿಲ್ಲ.

ನಾನು ಗದಗಿನ ಸೋದರತ್ತೆಗೆ ಫೋನ್ ಮಾಡಿ ನೇರವಾಗಿಯೇ ಕೇಳಿದೆ: “ಯಾವ ಮಾತು ಎತ್ತಬಾರದು ಹೇಳಿ, ಯಾವುದಕ್ಕೆ ನೀವೇ ಮನೆಯಲ್ಲಿ ನಗುತ್ತೀರಿ ಅದನ್ನೂ ಹೇಳಿ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಎರಡು ವಿಷಯ ಹೇಳಿದರು. ಹುಡುಗನಿಗೆ ಮೊದಲೊಂದು ನಿಶ್ಚಿತಾರ್ಥವಾಗಿ ಮುರಿದಿತ್ತು. ಹುಡುಗನ ತಂದೆಯ ವ್ಯಾಪಾರ ಹಿಂದಿನ ವರ್ಷ ಕೈಕೊಟ್ಟಿತ್ತು. ಇವೆರಡನ್ನು ಮುಟ್ಟಬಾರದು. ನಗುವುದಕ್ಕೆ? ಹುಡುಗನ ಚಿಕ್ಕಪ್ಪನ ಮೀಸೆ. ದಿನವೂ ಎಣ್ಣೆ ಹಚ್ಚಿ, ಬಾಚಿ, ಕನ್ನಡಿಯ ಮುಂದೆ ಅರ್ಧ ಗಂಟೆ ಕಳೆಯುತ್ತಾರಂತೆ. ಅದನ್ನು ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾರಂತೆ.

ಮನುಷ್ಯ ತಾನೇ ಹೇಳಿಕೊಂಡು ನಗುವ ಸಂಗತಿ ನಿಮಗೆ ಸಿಕ್ಕರೆ ಮುಕ್ಕಾಲು ಕೆಲಸ ಮುಗಿದಂತೆ. ಕಪ್ಪು, ದಪ್ಪ, ಬೋಳುತಲೆ, ಕುಳ್ಳು ಇವನ್ನು ಕಣ್ಣಿಗೆ ಕಂಡವು ಎಂದು ಎತ್ತಿಕೊಳ್ಳಬೇಡಿ. ನಮ್ಮ ಹಳೆಯ ಹಾಡುಗಳಲ್ಲಿ ಅವು ಧಾರಾಳವಾಗಿ ಇವೆ, ನಿಜ. ಆದರೆ ಆ ಕಾಲದ ಬೀಗರು ಪಕ್ಕದ ಊರಿನವರು, ಬಹಳ ಸಲ ಮೊದಲೇ ನೆಂಟರು. ಹಾಡಿದವಳ ಮೂಗು ಎಷ್ಟು ಮೊಂಡು ಎಂದು ಅವರಿಗೂ ಗೊತ್ತಿರುತ್ತಿತ್ತು. ಇಂದಿನ ಬೀಗರನ್ನು ನೀವು ಮೂರನೆಯ ಸಲ ನೋಡುತ್ತಿರುತ್ತೀರಿ.

ಅದೇ ಫೋನಿನಲ್ಲಿ ನಿಮ್ಮ ಕಡೆಯ ಪಟ್ಟಿಯನ್ನೂ ಕೊಡಿ. ನಮ್ಮಣ್ಣ ಸಾಲದ ಮಾತು ಬಂದರೆ ಕುಗ್ಗಿಹೋಗುತ್ತಾನೆ ಎಂದು ನಾನು ಹೇಳಿದೆ. ನನ್ನ ಅಡುಗೆಯನ್ನು ಎಷ್ಟು ಬೇಕಾದರೂ ಬಯ್ಯಬಹುದು ಎಂದೂ ಹೇಳಿದೆ.

ಎರಡೂ ಕಡೆಯ ಮಾತಿಗೆ ಒಂದೇ ತೂಕವಿಲ್ಲ

ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಆಟ ಕೆಡುವುದು ಬಹುಪಾಲು ಇಲ್ಲಿಯೇ. ಹೆಣ್ಣಿನ ಕಡೆಯವರು “ನಿಮ್ಮ ಹುಡುಗನಿಗೆ ಉಂಗುರ ಹಿಡಿಯಲು ಬರುವುದಿಲ್ಲ” ಎಂದರೆ ಅದು ತಮಾಷೆ. ಗಂಡಿನ ಕಡೆಯವರು “ನಿಮ್ಮ ಪಾಯಸದಲ್ಲಿ ದ್ರಾಕ್ಷಿ ಹುಡುಕಲು ದೀಪ ಹಚ್ಚಬೇಕು” ಎಂದರೆ ಹುಡುಗಿಯ ತಂದೆ ಅಡುಗೆಮನೆಗೆ ಓಡುತ್ತಾನೆ. ಅವನ ಕಿವಿಗೆ ಅದು ದೂರಿನಂತೆ ಕೇಳಿಸುತ್ತದೆ. ಮದುವೆಮನೆಯಲ್ಲಿ ಬೀಗರನ್ನು ಜರೆಯುವ ಹಾಡು ಹೆಣ್ಣಿನ ಕಡೆಯ ಹೆಂಗಸರ ಬಾಯಲ್ಲೇ ಹೆಚ್ಚು ಬೆಳೆದದ್ದು ಇದಕ್ಕೇ ಇರಬೇಕು ಎಂದು ನನಗೆ ಅನಿಸುತ್ತದೆ. ವರುಷವಿಡೀ ತಗ್ಗಿ ನಡೆಯಬೇಕಾದವರಿಗೆ ಆ ಒಂದು ದಿನ ಬಾಯಿ ಬಿಡಲು ಪರವಾನಗಿ.

ಆದ್ದರಿಂದ ನೀವು ಗಂಡಿನ ಕಡೆಯವರಾಗಿದ್ದರೆ ಮೊದಲು ನಿಮ್ಮವರನ್ನೇ ಆಡಿಕೊಳ್ಳಿ. ವರನ ಸೋಮಾರಿತನ, ಅವನ ಗೊರಕೆ, ನಿಮ್ಮ ಬಸ್ಸು ಎರಡು ತಾಸು ತಡವಾಗಿ ಬಂದದ್ದು. ಊಟದ ವಿಷಯ ಎತ್ತಲೇಬೇಕೆಂದರೆ ಎರಡನೆಯ ಸಲ ಬಡಿಸಿಕೊಂಡ ಮೇಲೆ, ಎಲೆಯ ಮುಂದೆ ಕುಳಿತೇ ಎತ್ತಿ. ತುತ್ತು ಬಾಯಲ್ಲಿದ್ದಾಗ ಹೇಳಿದ ದೂರನ್ನು ಯಾರೂ ನಂಬುವುದಿಲ್ಲ. ಕೊಡುವ ತೆಗೆದುಕೊಳ್ಳುವ ಮಾತನ್ನಂತೂ ನಗೆಯಲ್ಲಿಯೂ ಆಡಬೇಡಿ. “ಕಾರು ಎಲ್ಲಿ ಬೀಗರೇ?” ಎಂಬ ಮಾತಿಗೆ ನಗುವವರು ಯಾರೂ ಇಲ್ಲ, ಇರಬಾರದು. ವರದಕ್ಷಿಣೆ ಕೇಳುವುದು 1961ರ ಕಾನೂನಿನಿಂದಲೇ ಅಪರಾಧ.

ಇನ್ನು ಮದುಮಗಳು. ಅವಳನ್ನು ಅವಳ ಹೊಸ ಮನೆಯವರು ಹಾಸ್ಯ ಮಾಡಿದರೆ ಆ ದಿನ ಅವಳಿಗೆ ಎದುರುತ್ತರ ಕೊಡುವ ಸ್ವಾತಂತ್ರ್ಯವಿಲ್ಲ. ಹಾಗಾಗಿ ಅವಳನ್ನು ಗುರಿ ಮಾಡಬೇಡಿ. ಅವಳ ಅಕ್ಕತಂಗಿಯರನ್ನು ಮಾಡಿ. ಅವರು ಬಡ್ಡಿ ಸಮೇತ ವಾಪಸು ಕೊಡುತ್ತಾರೆ.

ಹಾಡು: ಸುಳ್ಳು ದೊಡ್ಡದಾಗಿರಲಿ

ನನ್ನ ಬಳೆಯ ಹಾಡು ಏಕೆ ಚುಚ್ಚಿತು ಎಂದರೆ ಅದು ನಿಜವಾಗಿರುವ ಸಾಧ್ಯತೆ ಇತ್ತು. ಹಾಡಿನಲ್ಲಿ ಬರುವ ಆರೋಪ ಎಂದಿಗೂ ನಿಜವಾಗಲಾರದಷ್ಟು ದೊಡ್ಡದಾಗಿರಬೇಕು. ತಿಪಟೂರು ಕೊಬ್ಬರಿಗೆ ಹೆಸರಾದ ಊರು. ಚಿಕ್ಕಪ್ಪನ ಮೀಸೆಗೂ ಊರಿನ ಕೊಬ್ಬರಿಗೂ ಗಂಟು ಹಾಕಿದೆ:

ಗದಗಿನ ಬೀಗರ ಮೀಸೆಗೆ ತಿಪಟೂರ ಎಣ್ಣೆಯೇ ಸಾಲದೆ, ಸೋಬಾನೆ,
ಅರಸೀಕೆರೆಯ ಗಾಣಕೆ ಆಳನು ಅಟ್ಟಿರೆ, ಸೋಬಾನೆ.

ಇದಕ್ಕೆ ಯಾರು ಮುನಿಸಿಕೊಳ್ಳುತ್ತಾರೆ? ಚಿಕ್ಕಪ್ಪ ಎದ್ದು ನಿಂತು ಮೀಸೆ ತಿರುವಿದರು. ಅವರ ಕಡೆಯ ಮಕ್ಕಳು ಮೊಬೈಲ್ ಹಿಡಿದುಕೊಂಡು ಅವರ ಸುತ್ತ ನೆರೆದರು.

ಹಾಡಿಗೆ ಜಾಗ ಮತ್ತು ಹೊತ್ತು ಎರಡೂ ಮುಖ್ಯ. ಧಾರೆಯ ಮುಹೂರ್ತದ ಹತ್ತಿರ ಬೇಡ. ಪುರೋಹಿತರು ಸಿಡುಕುತ್ತಾರೆ, ಅವರು ಸಿಡುಕಿದರೆ ಹಿರಿಯರು ನಿಮ್ಮತ್ತ ನೋಡುತ್ತಾರೆ. ಧಾರೆಯಾಗಿ, ಎಲ್ಲರ ಊಟವಾಗಿ, ಹೆಂಗಸರು ಚಾಪೆಯ ಮೇಲೆ ಕಾಲು ಚಾಚಿದ ಹೊತ್ತು ಸರಿಯಾದುದು. ಹೆಣ್ಣು ಒಪ್ಪಿಸುವ ಶಾಸ್ತ್ರಕ್ಕೆ ಒಂದು ಗಂಟೆ ಮೊದಲೇ ಎಲ್ಲ ನಗೆಯನ್ನೂ ಮುಗಿಸಿಬಿಡಿ. ತಾಯಿಯ ಕಣ್ಣು ತುಂಬುವ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಾದರೂ ಕಿಲಕಿಲ ಎಂದರೆ ಅದನ್ನು ಆಕೆ ವರ್ಷಗಟ್ಟಲೆ ಮರೆಯುವುದಿಲ್ಲ.

ಮೈಕ್ ಬೇಡ. ಇದನ್ನು ನಾನು ಹಟದಿಂದ ಹೇಳುತ್ತೇನೆ. ಚಾಪೆಯ ಮೇಲಿನ ಮಾತು ಚಾಪೆಯಲ್ಲೇ ಕರಗುತ್ತದೆ. ಅದೇ ಮಾತು ಧ್ವನಿವರ್ಧಕದಲ್ಲಿ ಊಟದ ಹಜಾರದವರೆಗೆ ಹೋದರೆ, ಮುಖಭಾವ ಕಾಣದೆ ಬರೀ ಮಾತನ್ನು ಕೇಳಿದವರು ಅಲ್ಲಿ ಇರುತ್ತಾರೆ.

ನಾಲ್ಕು ಸಾಲು ನೀವು ಹಾಡಿದ ಮೇಲೆ ನಿಲ್ಲಿಸಿ ಎದುರಿನವರಿಗೆ ಬಿಡಿ. ಗದಗಿನವರಿಗೆ ಸೋಬಾನೆಯ ಧಾಟಿ ಬರದು ಎಂದು ಮೊದಲೇ ಗೊತ್ತಿದ್ದರಿಂದ ಅವರು ತಮ್ಮ ರೀತಿಯಲ್ಲಿ ಉತ್ತರ ಕೊಡಲಿ ಎಂದು ಮಾತಾಗಿತ್ತು. ಸೋದರತ್ತೆ ಎದ್ದು, “ನಮ್ಮ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನಿಮ್ಮ ಮುದ್ದೆ ಹೆದರಿ ಉರುಳಿಹೋಗುತ್ತದೆ” ಎಂದರು. ನಮ್ಮವರಿಗೆ ಉತ್ತರ ಹೊಳೆಯಲಿಲ್ಲ. ಒಪ್ಪಿಕೊಂಡೆವು. ಒಂದು ಸುತ್ತು ಸೋಲುವುದು ಲೆಕ್ಕದಲ್ಲಿ ಇರಲೇಬೇಕು. ಎಲ್ಲ ಸುತ್ತನ್ನೂ ಗೆದ್ದವರನ್ನು ಬೀಗರು ಮತ್ತೆ ಕರೆಯುವುದಿಲ್ಲ.

ಓಕುಳಿಯಲ್ಲಿ ಉಂಗುರ

ಎಲ್ಲರಿಗೂ ಗೊತ್ತಿರುವ ಆಟ ಇದು, ಜಗಳ ಹೆಚ್ಚು ಬರುವುದೂ ಇದರಲ್ಲೇ. ಆದ್ದರಿಂದ ವಿವರವಾಗಿ ಹೇಳುತ್ತೇನೆ.

ಇಬ್ಬರ ಕೈ ಒಟ್ಟಿಗೆ ಹಿಡಿಸುವಷ್ಟು ಬಾಯಿ ಇರುವ ಹಿತ್ತಾಳೆ ಅಥವಾ ಸ್ಟೀಲಿನ ಪಾತ್ರೆ ಬೇಕು. ಬಿಂದಿಗೆಯ ಕಿರಿದಾದ ಬಾಯಲ್ಲಿ ಆಡಿಸುವವರೂ ಇದ್ದಾರೆ, ಆದರೆ ಬಳೆ ತೊಟ್ಟ ಕೈ ಸಿಕ್ಕಿಕೊಂಡು ಗಾಜು ಒಡೆದದ್ದನ್ನು ನೋಡಿದ್ದೇನೆ. ನಾಲ್ಕೈದು ಲೀಟರ್ ನೀರಿಗೆ ಎರಡು ಚಮಚ ಅರಿಶಿನ ಕದಡಿ, ಎಲೆಗೆ ಹಚ್ಚುವ ಸುಣ್ಣವನ್ನು ಬಟಾಣಿ ಕಾಳಿನಷ್ಟು ಬೇರೆ ಲೋಟದಲ್ಲಿ ಕರಗಿಸಿ ಮೇಲಿನ ತಿಳಿಯನ್ನು ಮಾತ್ರ ಸೇರಿಸಿ. ಸುಣ್ಣದ ಕ್ಷಾರ ತಾಗಿದೊಡನೆ ಹಳದಿ ನೀರು ಕೆಂಪಾಗುತ್ತದೆ. ಬಣ್ಣ ಸಾಲದೆಂದು ಸುಣ್ಣವನ್ನು ಸುರಿಯುತ್ತಾ ಹೋಗಬೇಡಿ; ಕೈಯಲ್ಲಿ ಸಣ್ಣ ಗಾಯವಿದ್ದರೂ ಉರಿಯುತ್ತದೆ. ತಳ ಕಾಣುತ್ತಿದ್ದರೆ ಒಂದು ಲೋಟ ಹಾಲು ಹಾಕಿ, ನೀರು ಮಬ್ಬಾಗುತ್ತದೆ. ಪಾತ್ರೆಯ ಕೆಳಗೆ ಹಳೆಯ ಪಂಚೆಯನ್ನು ಮಡಿಸಿ ಹಾಸಿ, ಮದುಮಗಳ ಮಡಿಲಿಗೆ ದಪ್ಪ ಟವೆಲ್ ಹೊದಿಸಿ. ರೇಷ್ಮೆಯ ಮೇಲೆ ಹನಿ ಬಿದ್ದರೆ ಸೋಪು ಹಚ್ಚಿ ಉಜ್ಜಬೇಡಿ. ಸೋಪೂ ಕ್ಷಾರವೇ, ಕಲೆ ಇನ್ನಷ್ಟು ಕೆಂಪಗಾಗುತ್ತದೆ. ಒಣಬಟ್ಟೆಯಿಂದ ಒತ್ತಿ ತೆಗೆದು ಡ್ರೈಕ್ಲೀನ್‌ಗೆ ಕೊಡಿ.

ಒಳಗೆ ಹಾಕಲು ಬೆಳ್ಳಿಯ ಉಂಗುರ ಸಾಕು. ಜೊತೆಗೆ ಎರಡು ಅಡಿಕೆ, ಒಂದು ಕವಡೆ, ಒಂದು ನಾಣ್ಯ ಹಾಕಿದರೆ ಹುಡುಕಾಟ ಸ್ವಲ್ಪ ಬೆಳೆಯುತ್ತದೆ. ಉಂಗುರವನ್ನು ಬಿಡುವವರು ಯಾರು ಎಂಬುದೇ ಎಲ್ಲ ತಕರಾರಿನ ಮೂಲ. ಅತ್ತಿಗೆಯೋ ನಾದಿನಿಯೋ ಬಿಟ್ಟರೆ ತಮ್ಮವರ ಕಡೆಗೆ ಜಾರಿಸಿದರು ಎಂಬ ಮಾತು ಬಂದೇ ಬರುತ್ತದೆ. ಐದಾರು ವರ್ಷದ ಮಗುವಿನ ಕೈಗೆ ಕೊಡಿ, ನಡುವೆ ನಿಲ್ಲಿಸಿ, ಕಣ್ಣು ಮುಚ್ಚಿಸಿ ಬಿಡಿಸಿ. ಒಂದೇ ಕೈ, ಬಲಗೈ. ಮೂರು ಸುತ್ತು, ಎರಡು ಗೆದ್ದವರದು ಗೆಲುವು. ಇದನ್ನು ಆಟಕ್ಕೆ ಮುಂಚೆ ಗಟ್ಟಿಯಾಗಿ ಹೇಳಿ, ಒಂದು ಸುತ್ತಿನಲ್ಲಿ ಸೋತ ಮೇಲೆ “ಮೂರು ಸುತ್ತಲ್ಲವೇ?” ಎಂದು ಕೇಳುವವರು ಎಲ್ಲ ಮದುವೆಯಲ್ಲೂ ಇರುತ್ತಾರೆ.

ತಿಪಟೂರಿನಲ್ಲಿ ಮೊದಲ ಸುತ್ತನ್ನು ಹುಡುಗ ಗೆದ್ದ. ಎರಡನೆಯದರಲ್ಲಿ ಹುಡುಗಿ ಕೈ ಮುಳುಗಿಸಿದ ಕ್ಷಣದಲ್ಲೇ ಉಂಗುರ ಎತ್ತಿದಳು. ತೀರ ಬೇಗ. ಗದಗಿನ ಹುಡುಗನೊಬ್ಬ ಪಾತ್ರೆಗೆ ಕೈ ಹಾಕಿ ಇನ್ನೊಂದು ಉಂಗುರ ತೆಗೆದು ತೋರಿಸಿದ. ನಮ್ಮ ಕಡೆಯ ಸೋದರ ಸಂಬಂಧಿಯೊಬ್ಬಳು ಬೇರೆ ಉಂಗುರವನ್ನು ಹುಡುಗಿಯ ಅಂಗೈಗೆ ಮೊದಲೇ ತುರುಕಿದ್ದಳು. “ಮೋಸ” ಎಂದು ಒಬ್ಬರು ಕೂಗಿದರು. ಮೊದಲ “ಮೋಸ” ನಗುತ್ತಾ ಬಂತು, ಎರಡನೆಯದೂ ಹಾಗೆಯೇ. ಮೂರನೆಯ “ಮೋಸ” ಹೇಳಿದ ಗಂಡಸು ನಗುತ್ತಿರಲಿಲ್ಲ, ಎದ್ದು ನಿಂತಿದ್ದರು.

ಇಂಥ ಹೊತ್ತನ್ನು ಗುರುತಿಸುವುದು ಹೇಗೆ? ಗದ್ದಲ ಎಷ್ಟೇ ಇರಲಿ, ಅದನ್ನು ನೋಡಬೇಡಿ, ಮದುಮಗಳನ್ನು ನೋಡಿ. ಆಟದಲ್ಲಿದ್ದಾಗ ಅವಳ ಕಣ್ಣು ಪಾತ್ರೆಯ ಮೇಲೆ ಇಲ್ಲವೇ ಗಂಡನ ಮೇಲೆ ಇರುತ್ತದೆ. ತಾಯಿಯನ್ನು ಹುಡುಕತೊಡಗಿದರೆ ಆಟ ಕೆಟ್ಟಿತು. ಕುಳಿತವರು ಎದ್ದು ನಿಲ್ಲುವುದು ಎರಡನೆಯ ಗುರುತು. ಒಂದೇ ಮಾತು ಮೂರನೆಯ ಸಲ ಬರುವುದು ಮೂರನೆಯದು.

ಆಗ ನ್ಯಾಯ ಹೇಳಲು ಹೋಗಬೇಡಿ. “ಮೋಸವೇ ಅಲ್ಲ” ಎಂದು ವಾದಿಸಬೇಡಿ, “ತಪ್ಪಾಯಿತು” ಎಂದು ಮುಖ ಸಣ್ಣದು ಮಾಡಿಕೊಳ್ಳಲೂ ಬೇಡಿ. ಎರಡರಿಂದಲೂ ಆಟ ಪಂಚಾಯಿತಿಯಾಗುತ್ತದೆ. ತಪ್ಪನ್ನು ಒಪ್ಪಿಕೊಂಡು ಅದಕ್ಕೊಂದು ತಮಾಷೆಯ ದಂಡ ಹಾಕಿ. ನಮ್ಮ ಅಜ್ಜಿ ಅದನ್ನೇ ಮಾಡಿದರು. “ಕಳ್ಳಿ ಸಿಕ್ಕಿಬಿದ್ದಳು. ಗದಗಿನವರಿಗೆಲ್ಲ ಅವಳೇ ಎಲೆ ಅಡಿಕೆ ಮಡಿಸಿಕೊಡಲಿ, ಸುಣ್ಣ ಹೆಚ್ಚಾದರೆ ಮತ್ತೆ ದಂಡ” ಎಂದರು. ಆ ಹುಡುಗಿ ತಟ್ಟೆ ಹಿಡಿದು, ಎದ್ದು ನಿಂತಿದ್ದವರ ಬಳಿಗೇ ಮೊದಲು ಹೋದಳು. ಅವರು ಕುಳಿತುಕೊಂಡರು. ಎರಡನೆಯ ಸುತ್ತನ್ನು ಮತ್ತೆ ಆಡಿಸಿದೆವು, ಹುಡುಗಿ ಸೋತಳು.

ಗೆದ್ದವರೇ ಮನೆ ಆಳುತ್ತಾರೆ ಎಂಬ ಮಾತು ಆಗ ಬಂದೇ ಬರುತ್ತದೆ. ಅದನ್ನು ಅತ್ತೆಯ ಬಾಯಿಂದ ಬರದಂತೆ ನೋಡಿಕೊಳ್ಳಿ. ಮಿಕ್ಕವರು ಯಾರು ಹೇಳಿದರೂ ಪರವಾಗಿಲ್ಲ.

ಹೆಸರು ಹೇಳುವುದು

ಗಂಡನ ಹೆಸರನ್ನು ನೇರವಾಗಿ ಹೇಳದೆ ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುವ ಒಡಪು ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ನಮ್ಮ ಕಡೆಯ ಹುಡುಗಿಯನ್ನು ಅವರ ನಡುವೆ ನಿಲ್ಲಿಸಿ “ಒಡಪು ಹೇಳು” ಎಂದರೆ ಅವಳು ಬೆವರುತ್ತಾಳೆ, ಸುತ್ತಲಿನವರು ಅದನ್ನು ನಾಚಿಕೆ ಎಂದುಕೊಂಡು ಇನ್ನಷ್ಟು ಒತ್ತಾಯಿಸುತ್ತಾರೆ. ಆದ್ದರಿಂದ ಒಂದು ಒಡಪನ್ನು ಮೊದಲೇ ಕಟ್ಟಿ ಬಾಯಿಪಾಠ ಮಾಡಿಸಿ. ಎರಡೇ ಸಾಲು ಸಾಕು. ಮೊದಲ ಸಾಲಿನಲ್ಲಿ ಎರಡು ಊರಿನ ಯಾವುದಾದರೂ ಪದಾರ್ಥ, ಎರಡನೆಯದರಲ್ಲಿ ಹೆಸರು, ಕೊನೆಯಲ್ಲಿ ಪ್ರಾಸ. ನಾವು ಕಟ್ಟಿದ್ದು ಹೀಗಿತ್ತು. ಬಿಟ್ಟ ಜಾಗದಲ್ಲಿ ಹುಡುಗನ ಹೆಸರು:

ತಿಪಟೂರ ಕೊಬ್ಬರಿ, ಗದಗಿನ ರೊಟ್ಟಿ, ಎರಡೂ ಹದವಾಗಿ,
ಹೊಸ್ತಿಲು ದಾಟುವೆ ... ಅವರ ಜೊತೆಯಾಗಿ.

ಮಹಾಕಾವ್ಯವಲ್ಲ, ಆದರೆ ಗದಗಿನ ಹೆಂಗಸರು ಚಪ್ಪಾಳೆ ತಟ್ಟಿದರು. ಅವಳು ಅವರ ಆಟವನ್ನು ಕಲಿತು ಬಂದಿದ್ದಳಲ್ಲ. ಹುಡುಗನಿಂದಲೂ ಹೇಳಿಸಿ. ಅವನು ತಡವರಿಸಿದಷ್ಟೂ ನಗೆಯ ಹೊರೆ ಅವಳ ಮೇಲಿಂದ ಇಳಿಯುತ್ತದೆ.

ಹೊಸ್ತಿಲಲ್ಲಿ

ಮನೆ ತುಂಬಿಸಿಕೊಳ್ಳುವಾಗ ವರನ ಅಕ್ಕತಂಗಿಯರು ಬಾಗಿಲು ತಡೆಯುತ್ತಾರೆ. “ನಿನಗೆ ಹೆಣ್ಣು ಹುಟ್ಟಿದರೆ ನನ್ನ ಮಗನಿಗೆ ಕೊಡುತ್ತೀಯಾ?” ಎಂಬುದು ಹಳೆಯ ಪ್ರಶ್ನೆ. ಸೋದರಿಕೆಯ ಸಂಬಂಧ ಮಾಮೂಲಾಗಿದ್ದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗ ಅನೇಕ ಹುಡುಗಿಯರು ಅದನ್ನು ಕೇಳಿ ಹುಬ್ಬೇರಿಸುತ್ತಾರೆ, ಮಕ್ಕಳ ಮಾತನ್ನು ಮೊದಲ ದಿನವೇ ಎತ್ತುವುದು ನನಗೂ ಹಿಡಿಸುವುದಿಲ್ಲ. ನಾವು ಗದಗಿನ ನಾದಿನಿಯರಿಗೆ ಬೇರೆ ಪ್ರಶ್ನೆ ಸೂಚಿಸಿದೆವು: ವರ್ಷಕ್ಕೆ ಎಷ್ಟು ಸಲ ಅಣ್ಣನನ್ನು ತವರಿಗೆ ಕರೆದುಕೊಂಡು ಹೋಗದೆ ಇಲ್ಲೇ ಬಿಡುತ್ತೀಯಾ?

ಬಾಗಿಲು ತಡೆದವರಿಗೆ ಕಾಣಿಕೆ ಕೊಡಬೇಕು. ಕೊಡುವವನು ವರ, ಅವನ ತಂಗಿಯರಲ್ಲವೇ? ಹೆಣ್ಣಿನ ತಂದೆಯ ಜೇಬಿಗೆ ಕೈ ಹೋಗಬಾರದು. ಮೊತ್ತವನ್ನು ಹಿಂದಿನ ದಿನವೇ ಗೊತ್ತು ಮಾಡಿ ಲಕೋಟೆಯಲ್ಲಿ ಹಾಕಿಡಿ. ಹೊಸ್ತಿಲಲ್ಲಿ ನಡೆಯುವ ಚೌಕಾಸಿ ಬರೀ ನಾಟಕವಾಗಿರಲಿ. ಈಚೆಗೆ ಹಿಂದಿ ಸಿನಿಮಾ ನೋಡಿ ವರನ ಚಪ್ಪಲಿ ಅಡಗಿಸಿ ದುಡ್ಡು ಕೇಳುವುದೂ ನಮ್ಮಲ್ಲಿ ಶುರುವಾಗಿದೆ. ಮಾಡುವುದಾದರೆ ಅದಕ್ಕೂ ಇದೇ ಲಕೋಟೆಯ ನಿಯಮ, ಜೊತೆಗೆ ಚಪ್ಪಲಿ ಎಲ್ಲಿಟ್ಟಿದ್ದೇವೆ ಎಂದು ನೆನಪಿಟ್ಟುಕೊಳ್ಳುವವರು ಒಬ್ಬರು ಇರಲಿ.

ಗದಗಿನಲ್ಲಿ ನಾದಿನಿಯರು ಬಾಗಿಲು ತಡೆದರು, ಪ್ರಶ್ನೆ ಕೇಳಿದರು, ಲಕೋಟೆ ಈಸಿಕೊಂಡರು, ಬಾಗಿಲು ಬಿಟ್ಟರು. ಮದುಮಕ್ಕಳು ಸೇರು ಒದ್ದು ಒಳಗೆ ಹೋದರು. ಹಿಂದೆ ಹೊರಟ ನಮ್ಮನ್ನು ಮತ್ತೆ ಒಬ್ಬರು ತಡೆದರು. ಮೀಸೆಯ ಚಿಕ್ಕಪ್ಪ, ಕೈಯಲ್ಲಿ ಖಾಲಿ ಎಣ್ಣೆ ಸೀಸೆ. “ತಿಪಟೂರಿನ ಬೀಗರೇ, ಎಣ್ಣೆ ಎಲ್ಲಿ?” ಎಂದರು. ನಾವು ತಂದಿರಲಿಲ್ಲ. ಹುಡುಗಿಯ ತಮ್ಮ ಓಡಿಹೋಗಿ ಬೀದಿಯ ಅಂಗಡಿಯಿಂದ ಒಂದು ಸೀಸೆ ತಂದ. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಅದರ ಮೇಲಿನ ಚೀಟಿಯನ್ನು ಪೂರ್ತಿ ಓದಿ, “ಇದು ತಿಪಟೂರಿನದಲ್ಲ” ಎಂದು ವಾಪಸು ಕೊಟ್ಟರು. ಮುಂದಿನ ವಾರ ಅಣ್ಣ ಐದು ಲೀಟರಿನ ಡಬ್ಬಿಯನ್ನು ಬಸ್ಸಿನಲ್ಲಿ ಕಳಿಸಬೇಕಾಯಿತು.